ಮದುವೆಗೆ ಇನ್ನು ಎಂಟೇ ವಾರ: ಹತ್ತು ಕೆಜಿ ಆಸೆ ಬಿಡಿ, ಮೂರು ಕೆಜಿ ಲೆಕ್ಕ ಹಿಡಿಯಿರಿ

ಹೈದರಾಬಾದ್: ಧನುರ್ಮಾಸ ಮುಗಿದು ಮಾಘ ಬಂತೆಂದರೆ ಮದುವೆ ಮುಹೂರ್ತಗಳ ಸಾಲು. ಲಗ್ನಪತ್ರಿಕೆ ಅಚ್ಚಾಗಿ, ಸೀರೆ ಖರೀದಿ ಮುಗಿದ ಮೇಲೆ ಮದುಮಗಳಿಗೂ ಮದುಮಗನಿಗೂ ಶುರುವಾಗುವುದು ಒಂದೇ ಚಿಂತೆ: 'ಇಷ್ಟರೊಳಗೆ ಎಷ್ಟು ಸಣ್ಣ ಆಗಬಹುದು?' ಮೊಬೈಲ್ ತೆರೆದರೆ ಸಾಕು, ಹದಿನೈದು ದಿನಕ್ಕೆ ಹತ್ತು ಕೆಜಿ ಇಳಿಸುವ ಜ್ಯೂಸ್, ಟೀ, ಪೌಡರ್‌ಗಳ ಜಾಹೀರಾತು ಸಾಲಾಗಿ ಬರುತ್ತವೆ.

ಈ ಪ್ರಶ್ನೆಗೆ ಸರಿಯಾದ ಉತ್ತರ ಹೈದರಾಬಾದಿನಲ್ಲೇ ಇದೆ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್ಐಎನ್) ದೇಶಕ್ಕೆ ಆಹಾರದ ಲೆಕ್ಕ ಹಾಕಿಕೊಡುವ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂತು. 2024ರ ಮೇ ತಿಂಗಳಲ್ಲಿ ಅದು ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ತೂಕ ಇಳಿಸುವವರಿಗೆ ಈ ಸಂಸ್ಥೆ ಹೇಳುವ ಸುರಕ್ಷಿತ ವೇಗ ವಾರಕ್ಕೆ ಅರ್ಧ ಕೆಜಿ. ಎಂಟು ವಾರಕ್ಕೆ ಗುಣಿಸಿದರೆ ನಾಲ್ಕು ಕೆಜಿ. ನಡುವೆ ಹಬ್ಬ, ನೆಂಟರ ಮನೆ ಊಟ ಎಲ್ಲಾ ಸೇರಿದರೆ ಕೈಗೆ ಸಿಗುವುದು ಸುಮಾರು ಮೂರು ಕೆಜಿ.

ಮೂರೇ ಕೆಜಿ ಎಂದು ಮೂಗು ಮುರಿಯಬೇಡಿ. ಒಂದು ಕೆಜಿ ಕೊಬ್ಬು ಕರಗಿದರೆ ಸೊಂಟದ ಸುತ್ತಳತೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಮೂರು ಸೆಂಟಿಮೀಟರ್ ಎಂದರೆ ಒಂದು ಇಂಚಿಗಿಂತ ಹೆಚ್ಚು. ಜೊತೆಗೆ ಬೆನ್ನು ನೆಟ್ಟಗಾಗಿ, ನಿದ್ರೆ ಸರಿಯಾಗಿ, ಮೆಟ್ಟಿಲು ಹತ್ತುವಾಗ ಏದುಸಿರು ನಿಂತರೆ ಫೋಟೋದಲ್ಲಿ ಕಾಣುವ ವ್ಯತ್ಯಾಸ ತೂಕದ ಯಂತ್ರ ಹೇಳುವುದಕ್ಕಿಂತ ದೊಡ್ಡದಿರುತ್ತದೆ.

ಮೊದಲ ವಾರದ ಎರಡು ಕೆಜಿ ಎಲ್ಲಿ ಹೋಗುತ್ತದೆ?

'ಅನ್ನ ಬಿಟ್ಟೆ, ಐದೇ ದಿನದಲ್ಲಿ ಎರಡು ಕೆಜಿ ಇಳಿದೆ' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಇಳಿದದ್ದರಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು. ನಾವು ತಿಂದ ಅನ್ನ, ರೊಟ್ಟಿಯ ಒಂದು ಪಾಲನ್ನು ದೇಹ ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಅಲ್ಲೇ ನಿಂತಿರುತ್ತದೆ. ಅನ್ನ, ರೊಟ್ಟಿ ಒಮ್ಮೆಲೇ ಬಿಟ್ಟಾಗ ಆ ಸಂಗ್ರಹ ಖಾಲಿಯಾಗಿ ನೀರು ಹೊರಹೋಗುತ್ತದೆ. ಒಂದೆರಡು ದಿನ ಹೊಟ್ಟೆ ತುಂಬ ಬಿರಿಯಾನಿ ತಿಂದರೆ ಅದೇ ನೀರು ವಾಪಸ್ ಬರುತ್ತದೆ. ಅರಿಶಿನ ಶಾಸ್ತ್ರದ ಹೊತ್ತಿಗೆ ಮುಖ ಊದಿಕೊಂಡಂತೆ ಕಾಣಲು ಇದೂ ಒಂದು ಕಾರಣ.

ಕ್ರ್ಯಾಶ್ ಡಯಟ್‌ನ ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ದಿಢೀರನೆ ಆಹಾರ ಕಡಿತ ಮಾಡಿದಾಗ ಕೂದಲಿನ ಬೇರುಗಳಲ್ಲಿ ಹಲವು ಒಟ್ಟಿಗೇ ವಿಶ್ರಾಂತಿ ಸ್ಥಿತಿಗೆ ಹೋಗುತ್ತವೆ. ವೈದ್ಯರು ಇದನ್ನು ಟೆಲೊಜೆನ್ ಎಫ್ಲೂವಿಯಂ ಎನ್ನುತ್ತಾರೆ. ಕೂದಲು ಉದುರಲು ಶುರುವಾಗುವುದು ಅಂದೇ ಅಲ್ಲ, ಎರಡು ಮೂರು ತಿಂಗಳ ನಂತರ. ಈಗ ಲೆಕ್ಕ ಹಾಕಿ: ಮದುವೆಗೆ ಎಂಟು ವಾರ ಮೊದಲು ಉಪವಾಸ ಶುರು ಮಾಡಿದವರಿಗೆ ಬಾಚಣಿಗೆಯಲ್ಲಿ ಗೊಂಚಲು ಗೊಂಚಲು ಕೂದಲು ಬರುವುದು ಸರಿಯಾಗಿ ಮದುವೆಯ ಆಸುಪಾಸಿನಲ್ಲಿ. ತೀರಾ ವೇಗವಾಗಿ ತೂಕ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲಿನ ಅಪಾಯವೂ ಹೆಚ್ಚು.

ಶಸ್ತ್ರಚಿಕಿತ್ಸೆಯ ದಾರಿ ಇನ್ನೂ ಕಷ್ಟದ್ದು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ಕನ್ನಡಿಗರಿಗೆ ನೆನಪಿದೆ. ಆಗ ಅವರಿಗೆ 21 ವರ್ಷ. ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಎಲ್ಲವೂ ಸರಿಹೋದರೂ ಬಾವು ಇಳಿಯಲು ವಾರಗಳಿಂದ ತಿಂಗಳುಗಳೇ ಬೇಕು. ಮದುವೆಗೆ ಎಂಟು ವಾರ ಇರುವಾಗ ಅದರಿಂದ ಅಂದದ ದೃಷ್ಟಿಯಿಂದಲೂ ಉಪಯೋಗ ಕಡಿಮೆ.

ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳ ಕತೆಯೂ ಇಷ್ಟೇ. ಮೌಂಜಾರೊ, ವೆಗೋವಿ 2025ರಲ್ಲಿ ಭಾರತಕ್ಕೆ ಬಂದಿವೆ. ಇವು ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿಗಳು. ಡೋಸ್ ಅನ್ನು ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಎಂಟು ವಾರದಲ್ಲಿ ನೀವು ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇರುತ್ತೀರಿ, ವಾಕರಿಕೆ, ಮಲಬದ್ಧತೆ ಮಾತ್ರ ಆಗಲೇ ಜೊತೆಗಿರಬಹುದು. ಮದುವೆಯಾದ ಕೂಡಲೇ ಮಗು ಬೇಕೆನ್ನುವವರು ಇನ್ನೊಂದು ವಿಷಯ ತಿಳಿದಿರಬೇಕು: ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅನ್ನು ಗರ್ಭ ಧರಿಸುವ ಯೋಜನೆಗೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಶುರುವಿಗೆ ಮುನ್ನ ಒಂದು ರಕ್ತ ಪರೀಕ್ಷೆ, ಒಂದು ಟೇಪು

ಮೊದಲ ದಿನ ಜಿಮ್‌ಗೆ ಹೋಗುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್, ಥೈರಾಯ್ಡ್ (ಟಿಎಸ್ಎಚ್), ಬ್ಲಡ್ ಶುಗರ್, ಈ ಮೂರು ಸಾಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಸುಸ್ತು, ಮುಖ ಬಿಳಿಚಿಕೊಳ್ಳುವುದು, ಏದುಸಿರು ಇರಬಹುದು. ಅಂಥವರು ಊಟ ಕಡಿಮೆ ಮಾಡಿದರೆ ಇನ್ನಷ್ಟು ಬಳಲುತ್ತಾರೆ. ಅವರಿಗೆ ಮದುವೆಯ ಕಳೆ ಬರುವುದು ವೈದ್ಯರು ಬರೆದುಕೊಡುವ ಕಬ್ಬಿಣದ ಮಾತ್ರೆಯಿಂದಲೇ ಹೊರತು ಡಯಟ್‌ನಿಂದಲ್ಲ. ಎಂಟು ವಾರ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಹಿಮೋಗ್ಲೋಬಿನ್ ಏರಿದ್ದು ಗೊತ್ತಾಗುತ್ತದೆ.

ಎರಡನೆಯದು ದರ್ಜಿಯ ಟೇಪು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳತೆ ತೆಗೆಯಿರಿ. ಭಾರತೀಯರಲ್ಲಿ ಹೆಣ್ಣುಮಕ್ಕಳಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಅಳೆಯಿರಿ. ದಿನಾ ತೂಕ ನೋಡಿಕೊಂಡು ಬೇಸರ ಪಡುವುದು ಬೇಡ.

ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರು, ಹಿಂದೆ ಊಟ ಬಿಟ್ಟು ಕಾಯಿಲೆ ಬಿದ್ದವರು ಈ ಲೇಖನ ನೋಡಿ ಶುರು ಮಾಡಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ಒಬ್ಬ ಮದುಮಗಳ ಲೆಕ್ಕ

ಉದಾಹರಣೆಗೆ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳೋಣ. ಊರು ರಾಯಚೂರು, ಕೆಲಸ ಗಚ್ಚಿಬೌಲಿಯ ಐಟಿ ಕಂಪನಿಯಲ್ಲಿ. ವಯಸ್ಸು 27, ಎತ್ತರ 158 ಸೆಂ.ಮೀ., ತೂಕ 66 ಕೆಜಿ, ಸೊಂಟ 86 ಸೆಂ.ಮೀ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ. ಫೆಬ್ರವರಿ ಎರಡನೇ ವಾರ ಮದುವೆ, ಡಿಸೆಂಬರ್ ಮಧ್ಯದಲ್ಲಿ ತಯಾರಿ ಶುರು.

ಈ ವಯಸ್ಸು, ಎತ್ತರ, ತೂಕಕ್ಕೆ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಸುಮಾರು 1,350 ಕ್ಯಾಲೊರಿ ಬೇಕು. ಕೂತು ಮಾಡುವ ಕೆಲಸವೂ ಸೇರಿದರೆ ದಿನಕ್ಕೆ ಸುಮಾರು 1,900. ಇದರಲ್ಲಿ 400 ಕಡಿಮೆ ಮಾಡಿದರೆ 1,500 ಉಳಿಯುತ್ತದೆ. ಇದು ಹಸಿವಿನಿಂದ ಸಾಯುವ ಲೆಕ್ಕವಲ್ಲ. 1,000 ಕ್ಯಾಲೊರಿಗಿಂತ ಕೆಳಗೆ ಇಳಿಯಲೇಬಾರದು ಎನ್ನುವುದು ಎನ್ಐಎನ್ ಎಚ್ಚರಿಕೆ.

400 ಕ್ಯಾಲೊರಿ ಎಲ್ಲಿಂದ ಕಡಿಮೆ ಮಾಡುವುದು? ಆಕೆಯ ದಿನವನ್ನೇ ನೋಡಿ. ಆಫೀಸಿನಲ್ಲಿ ಮೂರು ಕಪ್ ಚಹಾ, ಪ್ರತಿ ಕಪ್‌ಗೆ ಎರಡು ಚಮಚ ಸಕ್ಕರೆ, ಜೊತೆಗೆ ನಾಲ್ಕು ಉಸ್ಮಾನಿಯಾ ಬಿಸ್ಕತ್ತು. ರಾತ್ರಿ ಎರಡು ದೊಡ್ಡ ಬಟ್ಟಲು ಅನ್ನ. ಚಹಾ ಎರಡು ಕಪ್‌ಗೆ ಇಳಿಸಿ ಒಂದೊಂದೇ ಚಮಚ ಸಕ್ಕರೆ ಹಾಕಿಕೊಂಡರೆ ಸುಮಾರು 80 ಕ್ಯಾಲೊರಿ ಉಳಿತಾಯ. ಬಿಸ್ಕತ್ತು ನಾಲ್ಕರ ಬದಲು ಒಂದಾದರೆ ಸುಮಾರು 150. ರಾತ್ರಿ ಅನ್ನ ಒಂದು ಬಟ್ಟಲು ಕಡಿಮೆಯಾದರೆ ಸುಮಾರು 200. ಅಲ್ಲಿಗೆ 400 ದಾಟಿತು. ಯಾವುದನ್ನೂ ಪೂರ್ತಿ ಬಿಟ್ಟಿಲ್ಲ.

ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 400ರಂತೆ ವಾರಕ್ಕೆ 2,800 ಉಳಿಯುತ್ತದೆ. ವಾರಕ್ಕೆ ಐದು ದಿನ ಬಿರುಸಿನ ನಡಿಗೆಯಿಂದ ಇನ್ನೊಂದು 500 ಸೇರಿದರೆ 3,300. ಅಂದರೆ ವಾರಕ್ಕೆ 400 ಗ್ರಾಂಗೆ ತುಸು ಹೆಚ್ಚು. ಎಂಟು ವಾರಕ್ಕೆ ಮೂರೂವರೆ ಕೆಜಿಯ ಹತ್ತಿರ, ಹಬ್ಬದ ಖರ್ಚು ಕಳೆದು ಮೂರು. 66 ಇದ್ದದ್ದು 63 ಆಗುತ್ತದೆ, ಸೊಂಟ 86ರಿಂದ 83ರ ಆಸುಪಾಸಿಗೆ ಬರುತ್ತದೆ. ಇದು ಸಿಗುವ ಫಲಿತಾಂಶ. ಇದಕ್ಕಿಂತ ಹೆಚ್ಚು ಭರವಸೆ ಕೊಡುವವರ ಹತ್ತಿರ 'ಇಳಿಯುವುದು ಕೊಬ್ಬೋ ನೀರೋ' ಎಂದು ಕೇಳಿ.

ಇನ್ನೊಂದು ಮಾತು. ನಲವತ್ತು ನಿಮಿಷ ಬಿರುಸಾಗಿ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು ನೂರರಿಂದ ನೂರೈವತ್ತು ಕ್ಯಾಲೊರಿ. ಎಂದರೆ ಎರಡು ಮೂರು ಉಸ್ಮಾನಿಯಾ ಬಿಸ್ಕತ್ತಿನಷ್ಟು. 'ಇವತ್ತು ವಾಕಿಂಗ್ ಆಯ್ತಲ್ಲ' ಎಂದು ಸಂಜೆ ಮಿರ್ಚಿ ಭಜಿ ತಿಂದರೆ ಲೆಕ್ಕ ಸರಿಸಮ. ತೂಕ ಇಳಿಸುವ ಕೆಲಸ ತಟ್ಟೆಯದ್ದು, ದೇಹಕ್ಕೆ ಬಿಗುವು ಮತ್ತು ಉಸಿರು ಕೊಡುವ ಕೆಲಸ ವ್ಯಾಯಾಮದ್ದು.

ತಟ್ಟೆಯಲ್ಲಿ ಏನಿರಬೇಕು?

ಎನ್ಐಎನ್ ಮಾರ್ಗಸೂಚಿಯ ತಿರುಳು ಸರಳ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ಉಳಿದರ್ಧದಲ್ಲಿ ಧಾನ್ಯ ಮತ್ತು ಬೇಳೆ, ಮೊಟ್ಟೆ, ಮಾಂಸ. ದಿನದ ಕ್ಯಾಲೊರಿಯಲ್ಲಿ ಅಕ್ಕಿ, ಗೋಧಿ, ಜೋಳದ ಪಾಲು ಶೇ. 45 ದಾಟಬಾರದು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ: ಅನ್ನದ ಗುಡ್ಡ, ಪಕ್ಕದಲ್ಲಿ ಒಂದು ಚಮಚ ಪಲ್ಯ.

ಕಡಿಮೆ ತಿನ್ನುವಾಗ ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಆಗ ತೂಕ ಇಳಿದರೂ ಮುಖ ಬಾಡಿ, ತೋಳು ಜೋತಂತೆ ಕಾಣುತ್ತದೆ. ಕೆಜಿ ತೂಕಕ್ಕೆ ಒಂದು ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ನಮ್ಮ ಮದುಮಗಳಿಗೆ ಅದು ಸುಮಾರು 65 ಗ್ರಾಂ. ಪೌಡರ್ ಡಬ್ಬಿ ಬೇಕಾಗಿಲ್ಲ. ಸ್ನಾಯು ಬೆಳೆಸಲು ಪ್ರೋಟೀನ್ ಪೌಡರ್‌ಗಳ ಮೊರೆ ಹೋಗಬೇಡಿ ಎಂದೇ 2024ರ ಮಾರ್ಗಸೂಚಿ ಹೇಳಿದೆ.

ಬೆಳಿಗ್ಗೆ ಎರಡು ಹೆಸರುಕಾಳಿನ ದೋಸೆ, ಅಂದರೆ ಹೈದರಾಬಾದಿನ ಪೆಸರಟ್ಟು. ಇದರಲ್ಲಿ ಹನ್ನೆರಡು ಗ್ರಾಂ ಬಂತು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ, ಪುಂಡಿ ಪಲ್ಯ, ಒಂದು ಬಟ್ಟಲು ಮೊಸರು. ಇದು ಇಪ್ಪತ್ತು ಗ್ರಾಂ. ಪುಂಡಿ ಸೊಪ್ಪು ಇಲ್ಲಿ ಗೋಂಗೂರ ಎಂಬ ಹೆಸರಲ್ಲಿ ಪ್ರತಿ ರೈತು ಬಜಾರಿನಲ್ಲೂ ಸಿಗುತ್ತದೆ, ಆದ್ದರಿಂದ ಕಲ್ಯಾಣ ಕರ್ನಾಟಕದವರಿಗೆ ಹುಡುಕುವ ಕಷ್ಟವಿಲ್ಲ. ಸಂಜೆ ಒಂದು ಮುಷ್ಟಿ ಹುರಿಗಡಲೆ, ಆರು ಗ್ರಾಂ. ರಾತ್ರಿ ಒಂದು ಬಟ್ಟಲು ಅನ್ನ, ಮೆಂತ್ಯ ಸೊಪ್ಪಿನ ಬೇಳೆ, ಒಂದು ತರಕಾರಿ, ಜೊತೆಗೆ ಪನೀರ್, ಕೋಳಿ ಅಥವಾ ಸೋಯಾ ಯಾವುದಾದರೊಂದು. ಇದರಲ್ಲಿ ಇಪ್ಪತ್ತೈದು ಗ್ರಾಂ ದಾಟುತ್ತದೆ. ಒಟ್ಟು ಅರವತ್ತೈದರ ಹತ್ತಿರ.

ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಹೈದರಾಬಾದಿನಲ್ಲಿ ಜೋರು. ಚಹಾದಲ್ಲಿರುವ ಟ್ಯಾನಿನ್ ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ, ಕಾಫಿ ಬೇಡ. ರಕ್ತ ಕಡಿಮೆ ಇರುವ ಮದುಮಗಳಿಗೆ ಇದೊಂದೇ ಬದಲಾವಣೆಯೂ ಲಾಭ ಕೊಡುತ್ತದೆ.

ಎಂಟು ವಾರ ಹೀಗಿರಲಿ

ಮೊದಲ ಎರಡು ವಾರ: ಊಟ ಕಡಿತ ಮಾಡುವ ಗಡಿಬಿಡಿ ಬೇಡ. ಮೊದಲ ನಾಲ್ಕು ದಿನ ತಿಂದದ್ದೆಲ್ಲಾ ಬರೆದಿಡಿ, ಸೋರಿಕೆ ಎಲ್ಲಿದೆ ಎಂಬುದು ತಾನೇ ಕಾಣುತ್ತದೆ. ದಿನಾ 25 ನಿಮಿಷ ನಡಿಗೆ. ಕೆಬಿಆರ್ ಪಾರ್ಕ್, ಇಂದಿರಾ ಪಾರ್ಕ್, ನೆಕ್ಲೇಸ್ ರೋಡ್ ದೂರವಾದರೆ ಅಪಾರ್ಟ್‌ಮೆಂಟಿನ ಸುತ್ತಲೇ ಆಗಬಹುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗವಿರಲಿ. ವಾರಕ್ಕೆ ಎರಡು ದಿನ ಶಕ್ತಿಯ ವ್ಯಾಯಾಮ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯೂರಿ ಪುಷ್‌ಅಪ್ ಹತ್ತು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು ಹನ್ನೆರಡು, ಬಗ್ಗಿ ನಿಂತು ನೀರಿನ ಬಾಟಲಿಯನ್ನು ಪಕ್ಕೆಗೆ ಎಳೆಯುವುದು ಕೈಗೆ ಹತ್ತರಂತೆ. ಎರಡು ಸುತ್ತು ಮಾಡಿದರೆ ಇಪ್ಪತ್ತು ನಿಮಿಷ.

ಮೂರು ಮತ್ತು ನಾಲ್ಕನೇ ವಾರ: ಮೇಲಿನ 400 ಕ್ಯಾಲೊರಿ ಉಳಿತಾಯ ಪೂರ್ತಿ ಜಾರಿಗೆ ಬರಲಿ. ನಡಿಗೆ 40 ನಿಮಿಷ, ವಾರಕ್ಕೆ ಐದು ದಿನ. ಶಕ್ತಿಯ ವ್ಯಾಯಾಮ ಮೂರು ದಿನ, ಮೂರು ಸುತ್ತು. ಗೋಡೆಯ ಪುಷ್‌ಅಪ್ ಸುಲಭವಾದರೆ ಗಟ್ಟಿ ಮೇಜಿಗೆ ಇಳಿಯಿರಿ. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಬೆನ್ನು ಡೊಂಕಾಗಬಾರದು. ಈ ಹಂತದಲ್ಲಿ ಶಕ್ತಿ ಬೇಗ ಹೆಚ್ಚಿದಂತೆ ಅನ್ನಿಸುತ್ತದೆ. ಸ್ನಾಯು ಅಷ್ಟು ಬೇಗ ದಪ್ಪವಾಗುವುದಿಲ್ಲ, ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ಬಳಸಲು ಕಲಿತಿರುತ್ತವೆ. ಎಂಟು ವಾರದಲ್ಲಿ ಸಿಕ್ಸ್ ಪ್ಯಾಕ್ ಬರುವುದಿಲ್ಲ ಎಂಬುದು ಮದುಮಗನಿಗೂ ಗೊತ್ತಿರಲಿ.

ಐದನೇ ವಾರ: ನಮ್ಮ ಲೆಕ್ಕದಲ್ಲಿ ಸಂಕ್ರಾಂತಿ ಬರುವುದು ಇಲ್ಲೇ. ಊರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬರುತ್ತದೆ, ಪಕ್ಕದ ಮನೆಯವರು ಸಕಿನಾಲು ಕೊಡುತ್ತಾರೆ. ಬೇಡ ಎನ್ನಬೇಡಿ. ಹಬ್ಬದ ದಿನ ಮೂರು ಹೊತ್ತಿನಲ್ಲಿ ಒಂದು ಹೊತ್ತು ಹಬ್ಬದ ಊಟ, ಉಳಿದೆರಡು ಎಂದಿನಂತೆ. ಮರುದಿನ ಉಪವಾಸ ಮಾಡಿ 'ತೀರಿಸುವ' ಕೆಲಸ ಮಾತ್ರ ಬೇಡ, ಅದು ಸಂಜೆಯ ಹೊತ್ತಿಗೆ ಇಮ್ಮಡಿ ಹಸಿವಾಗಿ ಬರುತ್ತದೆ.

ಆರು ಮತ್ತು ಏಳನೇ ವಾರ: ವ್ಯಾಯಾಮ ಅಷ್ಟೇ ಇರಲಿ, ಮದುವೆಗೆ ಬೇಕಾದ ತಾಲೀಮು ಸೇರಿಸಿ. ಮಣೆಯ ಮೇಲೆ ಒಂದೆರಡು ಗಂಟೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ರಿಸೆಪ್ಷನ್‌ನಲ್ಲಿ ಮೂರು ಗಂಟೆ ನಿಲ್ಲಬೇಕು. ಕುರ್ಚಿಗೆ ಒಗ್ಗಿದ ಸೊಂಟಕ್ಕೆ ಇದೇ ದೊಡ್ಡ ಪರೀಕ್ಷೆ. ದಿನಾ ಹತ್ತು ನಿಮಿಷ ನೆಲದ ಮೇಲೆ ಕೂತು ಊಟ ಮಾಡಿ, ಕೈ ಊರದೆ ಏಳಲು ಪ್ರಯತ್ನಿಸಿ. ಮದುವೆಗೆ ಹಾಕುವ ಚಪ್ಪಲಿಯನ್ನು ಮನೆಯಲ್ಲೇ ಅರ್ಧ ಗಂಟೆ ಹಾಕಿಕೊಂಡು ಓಡಾಡಿ. ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ಎರಡು ನಿಮಿಷ ನಿಂತರೆ ನೆಟ್ಟಗೆ ನಿಲ್ಲುವುದು ಹೇಗೆಂದು ದೇಹಕ್ಕೆ ನೆನಪಾಗುತ್ತದೆ. ಫೋಟೋದಲ್ಲಿ ಎದ್ದು ಕಾಣುವ ವ್ಯತ್ಯಾಸ ಇದೇ.

ಎಂಟನೇ ವಾರ: ಹೊಸದೇನೂ ಬೇಡ. ಭಾರದ ವ್ಯಾಯಾಮ ಮದುವೆಗೆ ನಾಲ್ಕು ದಿನ ಮುಂಚೆ ನಿಲ್ಲಿಸಿ, ನಡಿಗೆ ಮಾತ್ರ ಇರಲಿ. ಮೈಕೈ ನೋವಿನಲ್ಲಿ ಸಪ್ತಪದಿ ತುಳಿಯುವುದು ಕಷ್ಟ. ಕೊನೆಯ ಮೂರು ದಿನ ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ಚಿಪ್ಸ್ ಕಡಿಮೆ ಮಾಡಿದರೆ ಮುಖದ ಬಾವು ಇಳಿಯುತ್ತದೆ. ನೀರು ಮಾತ್ರ ಕಡಿಮೆ ಮಾಡಬೇಡಿ. ಮನೆ ತುಂಬ ನೆಂಟರಿದ್ದರೂ ಮಲಗಲು ಒಂದು ಕೋಣೆ, ಏಳು ಗಂಟೆ ನಿದ್ರೆ ಮೊದಲೇ ಗೊತ್ತು ಮಾಡಿಕೊಳ್ಳಿ. ಮುಹೂರ್ತದವರೆಗೆ ಉಪವಾಸ ಇರಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಹಾಲು, ಬಾಳೆಹಣ್ಣು, ಎಳನೀರು ನಡೆಯುತ್ತದೆಯೇ ಎಂದು ಹಿರಿಯರನ್ನು ಈಗಲೇ ಕೇಳಿಡಿ. ಹೋಮದ ಹೊಗೆ, ಭಾರದ ಸೀರೆ, ಖಾಲಿ ಹೊಟ್ಟೆ ಮೂರೂ ಸೇರಿದರೆ ತಲೆ ಸುತ್ತುವುದು ಸಹಜ.

ತೂಕ ನಿಂತುಬಿಟ್ಟರೆ?

ಮೂರನೇ ಅಥವಾ ನಾಲ್ಕನೇ ವಾರ ತೂಕದ ಮುಳ್ಳು ಅಲುಗಾಡುವುದಿಲ್ಲ, ಕೆಲವೊಮ್ಮೆ ಮೇಲಕ್ಕೂ ಹೋಗುತ್ತದೆ. ಹೆಚ್ಚಿನವರು ಕೈಬಿಡುವುದು ಅಥವಾ ಊಟ ಬಿಡುವುದು ಇಲ್ಲೇ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹದಲ್ಲಿ ನೀರು ನಿಂತು ಒಂದು ಕೆಜಿವರೆಗೂ ಏರುವುದುಂಟು. ಆದ್ದರಿಂದ ಈ ತಿಂಗಳ ಮುಟ್ಟಿನ ನಂತರದ ತೂಕವನ್ನು ಕಳೆದ ತಿಂಗಳ ಅದೇ ದಿನದ ತೂಕದ ಜೊತೆಗೆ ಹೋಲಿಸಿ, ನಿನ್ನೆಯದರ ಜೊತೆಗಲ್ಲ. ತೂಕ ನಿಂತರೂ ಸೊಂಟದ ಟೇಪು ಇಳಿಯುತ್ತಿದ್ದರೆ ಯೋಜನೆ ಸರಿಯಾಗಿಯೇ ನಡೆಯುತ್ತಿದೆ.

ನಾಲ್ಕು ವಾರ ಕಳೆದರೂ ತೂಕವೂ ಟೇಪೂ ಎರಡೂ ಅಲುಗದಿದ್ದರೆ ಸೋರಿಕೆ ವಾರಾಂತ್ಯದಲ್ಲಿರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 400 ಉಳಿಸಿದರೆ 2,000. ಶನಿವಾರ ಗೆಳತಿಯರ ಜೊತೆ ಬಿರಿಯಾನಿ, ಕೂಲ್ ಡ್ರಿಂಕ್, ಮೇಲೊಂದು ಡಬಲ್ ಕಾ ಮೀಠಾ. ಭಾನುವಾರ ಅತ್ತೆಯ ಮನೆಯಲ್ಲಿ 'ಮದುವಿ ಹುಡುಗಿ, ಇನ್ನೊಂದು ಹೋಳಗಿ ಹಾಕ್ಕೋವಾ' ಎಂಬ ಒತ್ತಾಯ. ಎರಡು ದಿನಕ್ಕೆ ಸಾವಿರ ಸಾವಿರ ಹೆಚ್ಚಾದರೆ ವಾರದ ಉಳಿತಾಯ ಸೊನ್ನೆ. ಪರಿಹಾರ ಬಿರಿಯಾನಿ ಬಿಡುವುದಲ್ಲ. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ರಾಯತ ಹೆಚ್ಚು ಹಾಕಿಕೊಳ್ಳಿ, ಕೂಲ್ ಡ್ರಿಂಕ್ ಬದಲು ನೀರು ಕುಡಿಯಿರಿ. ನೆಂಟರ ಮನೆಗೆ ಹೋದಾಗ ಮೊದಲೇ ಹೋಳಿಗೆ ಕೇಳಿ ಹಾಕಿಸಿಕೊಂಡು, ಅನ್ನ ಕಡಿಮೆ ಮಾಡಿ. ಹೋಳಿಗೆ ತಿಂದವರನ್ನು ಅನ್ನಕ್ಕಾಗಿ ಯಾರೂ ಒತ್ತಾಯಿಸುವುದಿಲ್ಲ.

ಇವು ಕಂಡರೆ ನಿಲ್ಲಿಸಿ

ಎದ್ದಾಗ ಕಣ್ಣು ಕತ್ತಲೆ ಬರುವುದು, ಮುಟ್ಟು ತಪ್ಪುವುದು, ಇಡೀ ದಿನ ಚಳಿ ಮತ್ತು ಸಿಡುಕು, ಇವು ನೀವು ಬೇಕಾದ್ದಕ್ಕಿಂತ ಕಡಿಮೆ ತಿನ್ನುತ್ತಿದ್ದೀರಿ ಎಂಬುದರ ಗುರುತು. ಮುಟ್ಟು ತಪ್ಪಲು ಬೇರೆ ಕಾರಣವೂ ಇರಬಹುದು, ವೈದ್ಯರಿಗೆ ತೋರಿಸಿ. ಊಟದ ನಂತರ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಜೋರು ನೋವು ಬಂದರೆ ಪಿತ್ತಕೋಶದ ಪರೀಕ್ಷೆ ಬೇಕು. ಹಿಂದೆಂದೂ ವ್ಯಾಯಾಮ ಮಾಡದವರು ಮೊದಲ ದಿನವೇ ಜಿಮ್‌ನಲ್ಲಿ ನೂರಾರು ಬಸ್ಕಿ ಹೊಡೆದು, ಮರುದಿನ ವಿಪರೀತ ಸ್ನಾಯು ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗುವ ಲಕ್ಷಣ ಅದು. 'ಸ್ಲಿಮ್ ಟೀ'ಗಳ ಪೊಟ್ಟಣದ ಮೇಲೆ ಸೆನ್ನಾ, ಅಂದರೆ ಸೋನಾಮುಖಿ, ಎಂದಿದ್ದರೆ ಅದು ಭೇದಿ ಮಾಡಿಸುವ ಎಲೆ, ಕೊಬ್ಬನ್ನು ಕರಗಿಸುವುದಿಲ್ಲ.

ದರ್ಜಿಗೆ ಅಳತೆ ಯಾವಾಗ ಕೊಡಬೇಕು?

ಬಹಳ ಜನ ಎಡವುವುದು ಇಲ್ಲಿ. ಹತ್ತು ಕೆಜಿ ಇಳಿಯುವ ಆಸೆಯಲ್ಲಿ ಬ್ಲೌಸನ್ನೋ ಶೇರ್ವಾನಿಯನ್ನೋ ಎರಡು ಇಂಚು ಸಣ್ಣದಾಗಿ ಹೊಲಿಸಿಬಿಡುತ್ತಾರೆ. ಆಮೇಲೆ ಬಟ್ಟೆಗಾಗಿ ಉಪವಾಸ ಬೀಳುತ್ತಾರೆ. ಅಳತೆ ಯಾವತ್ತೂ ಇವತ್ತಿನ ಮೈಗೆ ಕೊಡಿ. ಐದನೇ ವಾರದ ಕೊನೆಗೆ ಅಳತೆ ಕೊಟ್ಟು, ಒಳಗೆ ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ. ಏಳನೇ ವಾರದಲ್ಲಿ ಟ್ರಯಲ್ ಇಟ್ಟುಕೊಳ್ಳಿ. ಅಷ್ಟರಲ್ಲಿ ಇಳಿಯುವುದೆಲ್ಲಾ ಬಹುಪಾಲು ಇಳಿದಿರುತ್ತದೆ. ಸಡಿಲವಾದ ಬ್ಲೌಸನ್ನು ಬಿಗಿ ಮಾಡುವುದು ದರ್ಜಿಗೆ ಅರ್ಧ ಗಂಟೆಯ ಕೆಲಸ, ಬಟ್ಟೆಯೇ ಬಿಡದ ಬಿಗಿ ಬ್ಲೌಸನ್ನು ಸಡಿಲ ಮಾಡುವುದು ಅವನ ಕೈಯಲ್ಲೂ ಇಲ್ಲ.

ಮದುವೆ ಮುಗಿದ ಮೇಲೆ ಈ ಮೂರು ಕೆಜಿ ವಾಪಸ್ ಬರುತ್ತದೆಯೇ? ಯಾವುದನ್ನೂ ಪೂರ್ತಿ ಬಿಡದೆ ಇಳಿಸಿದ್ದರಿಂದ ಇದೇ ಅಭ್ಯಾಸ ಮುಂದುವರಿಸುವುದು ಕಷ್ಟವಲ್ಲ. ಹೊಸ ಸಂಸಾರದ ಔತಣಗಳಲ್ಲಿ ಒಂದೆರಡು ಕೆಜಿ ಏರಿದರೂ ಗಾಬರಿಯಾಗಬೇಡಿ. ವಾರಕ್ಕೆ ಮೂರು ದಿನ ಶಕ್ತಿಯ ವ್ಯಾಯಾಮ, ಅರ್ಧ ತಟ್ಟೆ ತರಕಾರಿ, ಎರಡೇ ಕಪ್ ಚಹಾ. ಈ ಮೂರನ್ನು ಇಬ್ಬರೂ ಸೇರಿ ಉಳಿಸಿಕೊಂಡರೆ ಮೊದಲ ವಾರ್ಷಿಕೋತ್ಸವಕ್ಕೆ ಅದೇ ಬ್ಲೌಸ್ ಹಾಕಿಕೊಳ್ಳಬಹುದು.